ಕಚ್ಚಿದ್ದು ಎಲ್ಲಿಗೆ? ನಮ್ಮ ಜೋಂಬಿ ಧಾರಾವಾಹಿಯ ಲೆಕ್ಕಾಚಾರ

ಕಾಸರಗೋಡಿನ ಪೆರ್ಲ, ಬಾಯಾರು ಕಡೆಯ ನಾವು ಕೆಲವು ಗೆಳೆಯರು ಸೇರಿ ಕನ್ನಡದಲ್ಲಿ ಒಂದು ಜೋಂಬಿ ಧಾರಾವಾಹಿ ಮಾಡುತ್ತಿದ್ದೇವೆ. ಚಿತ್ರ ಇಲ್ಲ, ಬರೀ ಧ್ವನಿ. ಬರೆಯುವ ಕೆಲಸ ನನ್ನದು. ಕಥೆ ಶುರುಮಾಡುವ ಮೊದಲು ನಾನು ಪಾತ್ರಗಳ ಹೆಸರನ್ನೂ ಬರೆದಿರಲಿಲ್ಲ. ಬರೆದದ್ದು ಒಂದೇ ಪ್ರಶ್ನೆ: ಕಚ್ಚಿದ ಮೇಲೆ ಮನುಷ್ಯ ಜೋಂಬಿ ಆಗಲು ಎಷ್ಟು ಹೊತ್ತು ಬೇಕು?

ಕಥೆ ಯಾವ ಜಾತಿಯದ್ದು ಅನ್ನೋದು ಇದರಲ್ಲೇ ತೀರ್ಮಾನ ಆಗುತ್ತದೆ. ‘28 ಡೇಸ್ ಲೇಟರ್’ ಸಿನಿಮಾದಲ್ಲಿ ಕೆಲವೇ ಸೆಕೆಂಡು. ಕಣ್ಣಿಗೆ ಒಂದು ಹನಿ ರಕ್ತ ಬಿದ್ದರೆ ಅಪ್ಪ ಮಗಳಿಗೆ ನಾಲ್ಕು ಮಾತು ಹೇಳುವಷ್ಟರಲ್ಲಿ ಮುಗಿಯಿತು. ಅಲ್ಲಿ ಗುಟ್ಟು ಇಟ್ಟುಕೊಳ್ಳಲು ಯಾರಿಗೂ ಸಮಯವೇ ಇಲ್ಲ, ಓಟ ಮಾತ್ರ. ಅದೇ ಗಂಟೆಗಟ್ಟಲೆ ಸಮಯ ಕೊಟ್ಟು ನೋಡಿ. ಗಾಯ ಮುಚ್ಚಿಡುವವನು ಬರುತ್ತಾನೆ, ಅದನ್ನು ನೋಡಿಯೂ ಸುಮ್ಮನಿರುವ ಹೆಂಡತಿ ಬರುತ್ತಾಳೆ, ಎಲ್ಲರ ಬಟ್ಟೆ ಬಿಚ್ಚಿಸಿ ನೋಡಬೇಕು ಎಂದು ಹಟ ಹಿಡಿಯುವವನೂ ಬರುತ್ತಾನೆ. ನಮಗೆ ಓಟಕ್ಕಿಂತ ಇವರೇ ಬೇಕಿತ್ತು. ಬರೀ ಧ್ವನಿಯಲ್ಲಿ ಓಟ ಅಂದರೆ ಏದುಸಿರು ಮಾತ್ರ ಅಲ್ವಾ, ಎಷ್ಟು ಹೊತ್ತು ಕೇಳಿಸುವುದು?

ಸಮಯದ ನಿಯಮವನ್ನು ಹುಚ್ಚುನಾಯಿ ರೋಗದಿಂದ ಎತ್ತಿಕೊಂಡೆ. ರೇಬಿಸ್ ವೈರಸ್ ಗಾಯದಿಂದ ನರದ ದಾರಿ ಹಿಡಿದು ಮೆದುಳಿಗೆ ಹೋಗುತ್ತದೆ. ಹಾಗಾಗಿ ಮುಖಕ್ಕೆ ಕಚ್ಚಿದರೆ ರೋಗ ಬೇಗ ಕಾಣಿಸುತ್ತದೆ, ಕಾಲಿಗೆ ಕಚ್ಚಿದರೆ ಸಾಮಾನ್ಯವಾಗಿ ತಡ. ನಿಜದಲ್ಲಿ ಇದಕ್ಕೆ ವಾರಗಳೋ ತಿಂಗಳುಗಳೋ ಬೇಕು. ನಾನು ವೇಗ ಹೆಚ್ಚಿಸಿದೆ: ಗಂಟೆಗೆ 10 ಸೆಂಟಿಮೀಟರ್. (ಇದು ಕಥೆಯ ಮಾತು. ನಿಜವಾಗಿ ನಾಯಿ ಕಚ್ಚಿದರೆ ಸೋಪು ಹಾಕಿ 15 ನಿಮಿಷ ನೀರಲ್ಲಿ ತೊಳೆದು, ತಡಮಾಡದೆ ಚುಚ್ಚುಮದ್ದಿಗೆ ಓಡಬೇಕು.)

ಆಮೇಲೆ ದರ್ಜಿಯ ಟೇಪು ತಂದು ತಮ್ಮನನ್ನು ನಿಲ್ಲಿಸಿ ಅಳೆದೆ. ಪಾದದ ಗಂಟಿನಿಂದ ತಲೆಗೆ ಸುಮಾರು 150 ಸೆಂಟಿಮೀಟರ್, ಅಂದರೆ 15 ಗಂಟೆ. ಮಣಿಕಟ್ಟಿನಿಂದ ಸುಮಾರು 80, ಅಂದರೆ 8 ಗಂಟೆ. ಕುತ್ತಿಗೆಯಾದರೆ 2 ಗಂಟೆಯೂ ಇಲ್ಲ. ಅಳೆಯುತ್ತಿರುವಾಗಲೇ ಒಂದು ವಿಷಯ ಹೊಳೆಯಿತು. ಮಕ್ಕಳು ಗಿಡ್ಡ. ಆರು ವರ್ಷದ ಮಗುವಿಗೆ ಪಾದದ ಗಂಟಿನಿಂದ ತಲೆಗೆ ಬರೀ 100 ಸೆಂಟಿಮೀಟರ್. ಅಪ್ಪನಿಗೂ ಮಗಳಿಗೂ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಕಚ್ಚಿದರೂ ಇಬ್ಬರಿಗೆ ಸಿಗುವ ಸಮಯ ಒಂದೇ ಅಲ್ಲ. ನಮ್ಮ ಮೊದಲ ಸೀಸನ್ ಪೂರ್ತಿ ಈ ಐದು ಗಂಟೆಯ ವ್ಯತ್ಯಾಸದ ಮೇಲೆ ನಿಂತಿದೆ.

ಹೇಗೆ ಅಂದರೆ, ರೋಗ ಮಂಗಳೂರಲ್ಲಿ ಶುರುವಾಗುತ್ತದೆ. ಕಾಸರಗೋಡಿಗೆ ಬರುವವರನ್ನು ತಲಪಾಡಿ ಗಡಿಯಲ್ಲಿ 12 ಗಂಟೆ ಕೂರಿಸುತ್ತಾರೆ. ಗಡಿ ಮುಚ್ಚುವುದು ಅಂದರೆ ಏನು ಎಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. 2020ರಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗೆ ಮಣ್ಣು ಸುರಿದದ್ದನ್ನು ನೋಡಿದ ಜನ ನಾವು. ಆದರೆ 12 ಗಂಟೆಯೇ ಯಾಕೆ? ಇದಕ್ಕೆ ನನಗೆ ಒಂದು ಕಾರಣ ಬೇಕಿತ್ತು. ಅಧಿಕಾರಿಗಳನ್ನು ದಡ್ಡರನ್ನಾಗಿ ಮಾಡಿದರೆ ಕಥೆ ಸಡಿಲ ಆಗುತ್ತದೆ. ಅದಕ್ಕೆ ಹೀಗೆ ಮಾಡಿದೆ. ಮೇಲೆ ಬಿದ್ದವನನ್ನು ತಡೆಯಲು ಯಾರಾದರೂ ಮೊದಲು ಕೈಯನ್ನೇ ಅಡ್ಡ ಹಿಡಿಯುತ್ತಾರೆ. ಹಾಗಾಗಿ ಮೊದಮೊದಲು ಆಸ್ಪತ್ರೆಗೆ ಬಂದವರಿಗೆಲ್ಲ ಗಾಯ ಕೈಯಲ್ಲೇ ಇತ್ತು. ಎಲ್ಲರೂ 8 ಗಂಟೆಯೊಳಗೆ ಜೋಂಬಿ ಆದರು. ಅದಕ್ಕೆ ಅರ್ಧದಷ್ಟು ಸೇರಿಸಿ 12 ಅಂದರು. ಅವರ ಹತ್ತಿರ ಇದ್ದ ಲೆಕ್ಕಕ್ಕೆ ಅದು ಸರಿಯೇ. ಕಾಲಿಗೆ ಕಚ್ಚಿಸಿಕೊಂಡವರು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಈಗ ಅಪ್ಪ ಮಗಳು. ಸಂಜೆ 6ಕ್ಕೆ ಇಬ್ಬರಿಗೂ ಪಾದದ ಗಂಟಿನ ಹತ್ತಿರ ಕಚ್ಚುತ್ತದೆ. ರಾತ್ರಿ 8ಕ್ಕೆ ತಲಪಾಡಿ ತಲುಪುತ್ತಾರೆ. ಸಾಕ್ಸ್ ಒಳಗೆ ಬಟ್ಟೆ ಕಟ್ಟಿದ್ದಾರೆ. ಬೆಳಿಗ್ಗೆ 8ಕ್ಕೆ ಬಿಡುಗಡೆ. ಮಗಳಿಗೆ 10 ಗಂಟೆ ತುಂಬುವುದು ಬೆಳಗಿನ ಜಾವ 4ಕ್ಕೆ, ಇನ್ನೂ ಶಿಬಿರದ ಒಳಗಿರುವಾಗಲೇ. ಅಪ್ಪನಿಗೆ ತುಂಬುವುದು 9ಕ್ಕೆ. ಮಗಳ ಗತಿ ಕಣ್ಣೆದುರೇ ನೋಡಿದ ಅಪ್ಪ ತಾನೂ ಇನ್ನೇನು ಅಂತ ಕಾಯುತ್ತಾನೆ. 5 ಆಯಿತು, 6 ಆಯಿತು, ಏನೂ ಆಗಲಿಲ್ಲ. ತನಗೆ ತಗುಲಲಿಲ್ಲ ಎಂದುಕೊಳ್ಳುತ್ತಾನೆ. ಅವನು ಯಾರಿಗೂ ಮೋಸ ಮಾಡಬೇಕೆಂದು ಬಸ್ಸು ಹತ್ತುವುದಿಲ್ಲ. ಉಪ್ಪಳ ದಾಟುವಾಗ ಗಂಟೆ ಒಂಬತ್ತು.

ಶಿಬಿರದ ನರ್ಸ್ ಒಬ್ಬಳಿಗೆ ಮಾತ್ರ ಸಂಶಯ. ಬಸ್ಸು ಹತ್ತುವಾಗ ಅವನು ಕುಂಟುವುದನ್ನು ನೋಡಿ, “ಮಾಮ, ಕಾಲಿಗೆ ಎಂತ ಆಯ್ತು?” ಎಂದು ಕೇಳುತ್ತಾಳೆ. “ನಿದ್ದೆ ಇಲ್ಲ ಮಗಳೇ, ಜೋಮು ಹಿಡಿದದ್ದು.” ಇಡೀ ಸೀಸನ್‌ನಲ್ಲಿ ಜಾಸ್ತಿ ಜನ ನೆನಪಿಟ್ಟುಕೊಂಡ ಮಾತು ಇದು. ನಿಯಮ ಗೊತ್ತಿಲ್ಲದಿದ್ದರೆ ಇದು ಬರೀ ಕಾಲುನೋವಿನ ಮಾತು.

ನಿಯಮ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ನಾನು ಒಂದು ಸುಲಭ ಪರೀಕ್ಷೆ ಮಾಡುತ್ತೇನೆ. ಆ ನಿಯಮ ಇಲ್ಲ ಅಂದುಕೊಂಡು ದೃಶ್ಯ ಓದುತ್ತೇನೆ. ಆಗಲೂ ಪಾತ್ರ ಅದೇ ನಿರ್ಧಾರ ತೆಗೆದುಕೊಂಡರೆ ನಿಯಮ ಸುಮ್ನೆ ಅಲಂಕಾರಕ್ಕೆ ಇದೆ ಎಂದರ್ಥ. ಇನ್ನೊಂದು ಅಪಾಯ, ಸಂಚಿಕೆಯ ಕೊನೆಯಲ್ಲಿ ಬೆಚ್ಚಿಬೀಳಿಸಲು ಯಾರನ್ನಾದರೂ ಎರಡು ಗಂಟೆ ಮುಂಚೆ ಜೋಂಬಿ ಮಾಡುವ ಆಸೆ. ಮಾಡಿದರೆ ಕೇಳುಗರು ಆಮೇಲೆ ಗಡಿಯಾರ ನೋಡುವುದನ್ನೇ ಬಿಡುತ್ತಾರೆ. ಅದಕ್ಕೆ ಪ್ರತಿ ಪಾತ್ರದ ಎತ್ತರ, ಕಚ್ಚಿದ ಜಾಗ, ಹೊತ್ತು ಎಲ್ಲ ಒಂದು ಪಟ್ಟಿಯಲ್ಲಿ ಇಟ್ಟಿದ್ದೇನೆ.

ಬದುಕುಳಿಯುವ ನಿಯಮ ಇನ್ನೂ ಸರಳ: ಜೋಂಬಿಗಳಿಗೆ ಕಣ್ಣು ಮಂಜು, ಕಿವಿ ಚುರುಕು. ಈ ಒಂದು ಸಾಲಿನಿಂದ ನಮ್ಮ ತೋಟವೇ ಬದಲಾಯಿತು. ಅಡಿಕೆ ತೋಟದಲ್ಲಿ ಒಣಗಿದ ಸೋಗೆ ಹಾಳೆ ಸಮೇತ ಧೊಪ್ಪೆಂದು ಬೀಳುತ್ತದಲ್ಲ, ಅಷ್ಟೂ ಜೋಂಬಿಗಳು ಆ ಕಡೆ ತಿರುಗುತ್ತವೆ. ದೋಟಿ ಹಿಡಿದು ಸೋಗೆ ಎಳೆದು ಬೀಳಿಸಿ, ಅವು ಅತ್ತ ಹೋದಾಗ ಇತ್ತ ದಾಟುವುದನ್ನು ಪಾತ್ರಗಳು ಕಲಿಯುತ್ತವೆ. ಮಳೆಗಾಲದಲ್ಲಿ ಇದು ನಡೆಯುವುದಿಲ್ಲ. ಮಳೆಯ ಸದ್ದಿನಲ್ಲಿ ಅವಕ್ಕೆ ನಾವು ಕೇಳುವುದಿಲ್ಲ, ಹಾಗಾಗಿ ಧಾರಾಳ ಓಡಾಡಬಹುದು. ಆದರೆ ಅವು ಹತ್ತಿರ ಬಂದದ್ದೂ ನಮಗೆ ಕೇಳುವುದಿಲ್ಲ. ಜೂನ್ ಬಂದ ಕೂಡಲೇ ಕಥೆಯ ಲಾಭ ನಷ್ಟ ಎರಡೂ ತಿರುಗಿಬಿಡುತ್ತವೆ.

ಬೇಸಿಗೆಯಲ್ಲಿ ನೀರು ಬೇಕು. ಬಾವಿಯಿಂದ ಎತ್ತಿದರೆ ರಾಟೆ ಕಿರುಗುಟ್ಟುತ್ತದೆ, ಪಂಪಿಗೆ ಕರೆಂಟಿಲ್ಲ. ಉಳಿದದ್ದು ಸುರಂಗ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ, ಒಬ್ಬ ಮಾತ್ರ ನುಗ್ಗುವಷ್ಟು ಅಗಲದ ನಮ್ಮ ನೀರಿನ ಸುರಂಗ. ನೀರು ತಾನಾಗಿ ಹರಿದು ಬರುತ್ತದೆ, ಸದ್ದಿಲ್ಲ. ಅಡಗಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಬಾಯಿ ಒಂದೇ, ಒಳಗೆ ಕೆಮ್ಮಿದರೆ ಹೊರಗಿನವರೆಗೂ ಕೇಳುತ್ತದೆ. ಎರಡನೇ ಸೀಸನ್‌ನಲ್ಲಿ ನಾಯಿಕೆಮ್ಮಿನ ಹುಡುಗನನ್ನು ಒಳಗೆ ಬಿಡುವುದೋ ಬೇಡವೋ ಎಂಬ ಜಗಳಕ್ಕೇ ಒಂದು ಸಂಚಿಕೆ ಹೋಯಿತು.

ಸುರಂಗ ಉಳಿಸಿಕೊಳ್ಳಲು ಮತ್ತೊಂದು ನಿಯಮ ಹಾಕಬೇಕಾಯಿತು: ಪ್ರಾಣಿಗಳಿಗೆ ಈ ರೋಗ ತಗುಲುವುದಿಲ್ಲ. ಒಳಗೆ ಬಾವಲಿ ಇರುತ್ತವೆ. ಅವಕ್ಕೂ ತಗುಲಿದರೆ ಸುರಂಗ ಹೋಯಿತು, ಅದರೊಂದಿಗೆ ನೀರೂ ಹೋಯಿತು, ಮೂರನೇ ಸಂಚಿಕೆಗೇ ಎಲ್ಲರೂ ಸತ್ತರು. ಈ ನಿಯಮವನ್ನು ಬೇಕಾದಾಗ ತಂದರೆ ಕೇಳುಗರು ಒಪ್ಪುವುದಿಲ್ಲ. ಹಾಗಾಗಿ ಮೊದಲನೇ ಸಂಚಿಕೆಯಲ್ಲೇ ಮನೆಯ ನಾಯಿಗೆ ಕಚ್ಚಿಸಿದೆ. ಮೂರನೇ ದಿನವೂ ಅದು ಬಾಲ ಆಡಿಸಿಕೊಂಡು ಗಂಜಿಗೆ ಬರುತ್ತದೆ. ಮನೆಯವರು ಮಾತ್ರ ಅದರ ಹತ್ತಿರ ಹೋಗಲು ಹೆದರಿ ದೂರದಿಂದಲೇ ತಟ್ಟೆ ತಳ್ಳುತ್ತಾರೆ.