ಬೆನ್ನಿನ ಎರಡು ಮಚ್ಚೆ, ಎರಡು ಲೆಕ್ಕ

ಪಾಂಡವಪುರ ಕಡೆಯ ರೈತರೊಬ್ಬರು ಮೈಸೂರಿನ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಬೆನ್ನಲ್ಲಿ ಎರಡು ಮಚ್ಚೆ. "ಈ ಉಬ್ಬಿರೋದೇ ಭಯ ಡಾಕ್ಟ್ರೇ, ಅದು ಸುಮ್ನೆ ಚಪ್ಪಟೆ ಇದೆ" ಅಂದರು. ನಾನು ಎರಡನ್ನೂ ನೋಡಿದೆ. ಮೇಲೆ ಸ್ವಲ್ಪ ಜೆಲ್ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ಡರ್ಮೋಸ್ಕೋಪ್ ಇಟ್ಟೆ. ಇದರಲ್ಲಿ ಮಚ್ಚೆ ಸುಮಾರು 10 ಪಟ್ಟು ದೊಡ್ಡದಾಗಿ ಕಾಣುತ್ತದೆ.

ಮಚ್ಚೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇರಬಹುದೇ ಅಂತ ಅಂದಾಜಿಸಲು ಅದಕ್ಕೆ ಅಂಕ ಹಾಕುತ್ತೇನೆ. ಮೊದಲು ಮಚ್ಚೆಯ ನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ ಕಲ್ಪಿಸಿಕೊಳ್ಳುತ್ತೇನೆ. ಆಕಾರ, ಬಣ್ಣ, ಒಳಗಿನ ವಿನ್ಯಾಸ ಯಾವ ಗೆರೆಯ ಎರಡು ಕಡೆ ಹೊಂದುವುದಿಲ್ಲವೋ ಅದಕ್ಕೆ 1 ಅಂಕ, ಅಂದರೆ ಹೆಚ್ಚೆಂದರೆ 2. ಆಮೇಲೆ ಅಂಚನ್ನು 8 ಭಾಗ ಮಾಡಿ, ಎಷ್ಟು ಭಾಗದಲ್ಲಿ ಬಣ್ಣ ಕತ್ತರಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ ಅಂತ ಎಣಿಸುತ್ತೇನೆ. ಸಾದಾ ಮಚ್ಚೆಯಲ್ಲಿ ಬಣ್ಣ ಸಾಮಾನ್ಯವಾಗಿ ಮೆಲ್ಲಗೆ ತೆಳುವಾಗುತ್ತಾ ಚರ್ಮದಲ್ಲಿ ಸೇರಿಹೋಗುತ್ತದೆ.

ಬಣ್ಣದ ಬಗ್ಗೆ ನನಗೆ ಕಾಳಜಿ ಜಾಸ್ತಿ, ಯಾಕೆಂದರೆ ಬಣ್ಣ ಆಳವನ್ನು ಹೇಳುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಚರ್ಮದ ತೀರಾ ಮೇಲಿದ್ದರೆ ಕಪ್ಪು, ಅದರ ಕೆಳಗೆ ಕಂದು, ಒಳಪದರಕ್ಕೆ ಇಳಿದಿದ್ದರೆ ನೀಲಿ-ಬೂದು. ಒಂದೇ ಮಚ್ಚೆಯಲ್ಲಿ ಇವೆಲ್ಲ ಅಸ್ತವ್ಯಸ್ತವಾಗಿ ಹರಡಿದ್ದರೆ ಎಚ್ಚರ ಬೇಕು. ಹಾಗಂತ ನೀಲಿಯೊಂದೇ ಕೆಟ್ಟದ್ದಲ್ಲ. ಪೂರ್ತಿ ಒಂದೇ ನೀಲಿ ಇರುವ ನಿರಪಾಯದ ಮಚ್ಚೆಯೂ ಉಂಟು.

ಲೆಕ್ಕ ಹೀಗೆ. ಅಸಮತೆಯ ಅಂಕವನ್ನು 1.3ರಿಂದ, ಅಂಚನ್ನು 0.1ರಿಂದ, ಬಣ್ಣದ ಸಂಖ್ಯೆಯನ್ನು 0.5ರಿಂದ ಗುಣಿಸಬೇಕು. ಜಾಲ, ಚುಕ್ಕೆಗಳಂಥ ವಿನ್ಯಾಸಗಳು ಎಷ್ಟಿವೆಯೋ ಅದನ್ನೂ 0.5ರಿಂದ ಗುಣಿಸಿ ಕೂಡಿಸಬೇಕು. ಮೊತ್ತ 4.75ಕ್ಕಿಂತ ಕಡಿಮೆಯಾದರೆ ಸಾದಾ ಮಚ್ಚೆ, 5.45 ದಾಟಿದರೆ ಮೆಲನೋಮಾ ಶಂಕೆ ಬಲ. ನಡುವೆ ಬಂದರೆ ಅನುಮಾನ.

ಅವರು ಹೆದರಿದ್ದ ಉಬ್ಬು ಮಚ್ಚೆಗೆ ಅಸಮತೆ 0, ಅಂಚು 0, ಎರಡು ಕಂದು ಬಣ್ಣಕ್ಕೆ 1, ಒಂದು ವಿನ್ಯಾಸಕ್ಕೆ 0.5. ಒಟ್ಟು 1.5. ಚಪ್ಪಟೆ ಮಚ್ಚೆ ಎರಡೂ ಗೆರೆಯಲ್ಲಿ ಹೊಂದಲಿಲ್ಲ: 2.6. ಅಂಚು 3 ಭಾಗದಲ್ಲಿ ಥಟ್ಟನೆ ನಿಂತಿತ್ತು: 0.3. ತಿಳಿಗಂದು, ಗಾಢಕಂದು, ಕಪ್ಪು, ನೀಲಿ-ಬೂದು, ನಾಲ್ಕಕ್ಕೆ 2. ಮೂರು ವಿನ್ಯಾಸಕ್ಕೆ 1.5. ಒಟ್ಟು 6.4.

ಅಂಕ ರೋಗನಿರ್ಣಯವಲ್ಲ ಅಂತ ಅವರಿಗೂ ಮಗನಿಗೂ ಬಿಡಿಸಿ ಹೇಳಿದೆ. ಚೂರು ಕೆರೆದು ತೆಗೆದರೆ ಆಳ ಎಷ್ಟು ಅಂತ ತಿಳಿಯುವುದಿಲ್ಲ. ಹಾಗಾಗಿ ಸುತ್ತ 2 ಮಿ.ಮೀ. ಚರ್ಮ ಸೇರಿಸಿ ಇಡೀ ಮಚ್ಚೆಯನ್ನೇ ತೆಗೆಸಿ ಬಯಾಪ್ಸಿಗೆ ಕಳಿಸಿದೆವು. ವರದಿಯಲ್ಲಿ ಮೆಲನೋಮಾ ಅಂತಲೇ ಬಂತು, ಆಳ ಕಡಿಮೆಯಿತ್ತು.

ಈ ಲೆಕ್ಕ ಅಂಗಾಲು, ಅಂಗೈ, ಮುಖಕ್ಕೆ ನಡೆಯುವುದಿಲ್ಲ. ನಮ್ಮ ಜನರಲ್ಲಿ ಮೆಲನೋಮಾ ಅಂಗಾಲಲ್ಲೇ ಹೆಚ್ಚಾಗಿ ಕಾಣುವುದರಿಂದ ಇದನ್ನು ಮರೆಯುವಂತಿಲ್ಲ. ಅಂಗಾಲಲ್ಲಿ ನಾನು ಬಣ್ಣ ಚರ್ಮದ ಸಹಜ ಗೆರೆಗಳ ತಗ್ಗಿನಲ್ಲಿದೆಯೋ, ಅವುಗಳ ನಡುವಿನ ದಿಬ್ಬದಲ್ಲಿದೆಯೋ ನೋಡುತ್ತೇನೆ. ಬೆವರಿನ ರಂಧ್ರಗಳು ಬಿಳಿ ಚುಕ್ಕೆಗಳಾಗಿ ಸಾಲಾಗಿ ಕಾಣುವ ಕಡೆ ದಿಬ್ಬ. ಬಣ್ಣ ತಗ್ಗಿನಲ್ಲಿದ್ದರೆ ಬಹುಪಾಲು ಸಾದಾ ಮಚ್ಚೆ, ದಿಬ್ಬದಲ್ಲಿದ್ದರೆ ತಡಮಾಡದೆ ಬಯಾಪ್ಸಿ.