ಕಾರಣ ತೀರಿದ ಮೇಲೂ ಬೇಡ ಅಂದರೆ: ನನ್ನ ಅನುಭವ

ಹೊಡೆತ ಇಲ್ಲ, ಕುಡಿತ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಅಂಥ ಮನೆಯಲ್ಲಿ ಗಂಡ ತೋರಿಸುವುದು ಕಾಳಜಿಯೋ ಹಿಡಿತವೋ ಅಂತ ಒಂದು ನೋಟ್‌ಬುಕ್ಕಿನಿಂದ ಕಂಡುಹಿಡಿಯಬಹುದು ಅಂದಾಗ ನಮ್ಮ ಸ್ವಸಹಾಯ ಸಂಘದವರು ಯಾರೂ ಒಪ್ಪಲಿಲ್ಲ. "ಇಷ್ಟು ಚೆನ್ನಾಗಿ ನೋಡ್ಕೊಳ್ಳೋ ಗಂಡ ಯಾರಿಗೆ ಸಿಗ್ತಾರೆ? ನೀನು ಲೆಕ್ಕ ಬರೀತಾ ಕೂತಿದ್ದೀಯಲ್ಲ" ಅಂತ ನಮ್ಮಕ್ಕನೇ ಹೇಳಿದ್ದಳು. ಈಗ ಅದೇ ಅಕ್ಕ ಪಕ್ಕದ ಮನೆ ಹುಡುಗಿಗೆ ಆ ಲೆಕ್ಕ ಹೇಳಿಕೊಡುತ್ತಿದ್ದಾಳೆ. ಸಂಘ, ಸಮಾಲೋಚನೆ ಅಂತ ಓಡಾಡುವವರಿಗೆ ಕಾಯ್ದೆ, ಸಹಾಯವಾಣಿ ಎಲ್ಲ ಗೊತ್ತೇ ಇರುತ್ತದೆ. ಅದನ್ನು ಬಿಟ್ಟು ನಾನು ಮಾಡಿದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ಕೊಡಗಿನ ಅಮ್ಮತ್ತಿ ಕಡೆ ತೋಟದ ಮನೆ. ನಾನು ವಿರಾಜಪೇಟೆಯಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹೆಂಗಸನ್ನು ಮನೆಯಲ್ಲೇ ನಿಲ್ಲಿಸಲು ಯಾರೂ ಸುಳ್ಳು ಹೇಳಬೇಕಾಗಿಲ್ಲ. ಆನೆ ನಿಜ. ಜೂನ್‌ನಿಂದ ಸುರಿಯುವ ಮಳೆ ನಿಜ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಹೆದರಿಕೆಯೂ ನಿಜ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಹಾಗಾಗಿ "ಹೋಗಬೇಡ, ನಂಗೆ ಭಯ ಆಗುತ್ತೆ" ಅಂದರೆ ಎದುರು ಹೇಳಲು ಏನೂ ಉಳಿಯುವುದಿಲ್ಲ. ಹೇಳಿದರೆ ನಾವೇ ಕಲ್ಲು ಮನಸ್ಸಿನವರು.

ಮೊದಲು ಬೇರೆ ದಾರಿಗಳನ್ನು ನೋಡಿದೆ. ಒಂದು ಡೈರಿಯಲ್ಲಿ ನನಗೆ ಹೇಗೆ ಅನಿಸಿತು ಅಂತ ಬರೆದೆ: ಉಸಿರು ಕಟ್ಟುತ್ತದೆ, ಬೇಜಾರಾಗುತ್ತದೆ, ಹೀಗೆ. ಅದನ್ನು ಓದಿದ ಅಕ್ಕ "ನಿಂಗೆ ರೆಸ್ಟ್ ಬೇಕು" ಅಂದಳು. ಆಮೇಲೆ ಗಂಡನ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದಕ್ಕಾಗಿ 400 ರೂಪಾಯಿಯ ಮೆಮೊರಿ ಕಾರ್ಡ್ ಬೇರೆ ತಗೊಂಡೆ. ಕೇಳಿ ನೋಡಿದರೆ ಎಲ್ಲವೂ ಪ್ರೀತಿಯ ಮಾತೇ. "ಊಟ ಆಯ್ತಾ", "ಎಲ್ಲಿದ್ದೀಯಾ", "ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯಾ, ನಾನಿದ್ದೀನಲ್ಲ". ಹಿಡಿತ ಮಾತಿನಲ್ಲಿ ಇರಲೇ ಇಲ್ಲ. ಒಂದು ಮಾತು ಆದ ಮೇಲೆ ಇನ್ನೊಂದು ಯಾವುದು ಬರುತ್ತದೆ ಅನ್ನುವುದರಲ್ಲಿ ಇತ್ತು. ಈ ಒಂದು ವಿಷಯ ಹೊಳೆಯುವುದಕ್ಕೆ ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ದಾರಿ ಸಿಕ್ಕಿದ್ದು ಕೆಲಸದಲ್ಲೇ. ಬ್ಯಾಂಕಿನ ಪುಸ್ತಕಕ್ಕೂ ನಮ್ಮ ಪುಸ್ತಕಕ್ಕೂ ವ್ಯತ್ಯಾಸ ಬಂದರೆ "ಚೆಕ್ ಪಾಸಾಗಿಲ್ಲ" ಅಂತ ಕಾರಣ ಬರೆದಿಡುತ್ತೇವೆ. ಆ ಚೆಕ್ ಪಾಸಾದ ದಿನ ವ್ಯತ್ಯಾಸ ಹೋಗಬೇಕು. ಹೋಗಲಿಲ್ಲ ಅಂದರೆ ಕಾರಣ ಅದಲ್ಲ, ಬೇರೆ ಏನೋ ಇದೆ. ಇದನ್ನೇ ಮನೆಗೆ ತಂದೆ. 200 ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿದೆ. ಏನು ಬೇಡ ಅಂದರು, ಯಾವ ಕಾರಣ ಕೊಟ್ಟರು, ಆ ಕಾರಣ ತೀರಿಸಲು ನಾನು ಏನು ವ್ಯವಸ್ಥೆ ಹೇಳಿದೆ, ಅದಾದ ಮೇಲೆ ಏನಾಯಿತು. ನನಗೆ ಹೇಗನಿಸಿತು ಅಂತ ಬರೆಯಲು ಜಾಗವೇ ಇಡಲಿಲ್ಲ. ಕಾಳಜಿ ಆಗಿದ್ದರೆ ನಾಲ್ಕನೇ ಅಂಕಣದಲ್ಲಿ ಸಮಾಧಾನ ಬರಬೇಕು. ಹಿಡಿತ ಆಗಿದ್ದರೆ ಹೊಸ ಕಾರಣ ಬರುತ್ತದೆ, ಬೇಡ ಅನ್ನುವುದು ಮಾತ್ರ ಹಾಗೇ ಇರುತ್ತದೆ.

ಆನೆಯ ಪುಟವನ್ನೇ ತೋರಿಸುತ್ತೇನೆ. ಅಮ್ಮನ ಮನೆ ಸಿದ್ದಾಪುರದ ಹತ್ತಿರ. ಸಂಜೆ ರಸ್ತೆಗೆ ಆನೆ ಇಳಿಯುತ್ತದೆ, ಹೋಗಬೇಡ ಅಂದರು. ಸರಿಯಾದ ಮಾತೇ. ಹಲಸು ಹಣ್ಣಾಗುವ ಕಾಲದಲ್ಲಿ ಆ ಕಡೆ ಕತ್ತಲಾದ ಮೇಲೆ ಯಾರೂ ಒಬ್ಬರೇ ಓಡಾಡುವುದಿಲ್ಲ. ಹಾಗಾದರೆ ಬೆಳಗ್ಗೆ ಹತ್ತರ ಬಸ್ಸಿಗೆ ಹೋಗಿ ಮೂರು ಗಂಟೆಗೆ ವಾಪಸ್ ಬರುತ್ತೇನೆ ಅಂದೆ. "ಈಗ ಹಗಲಲ್ಲೂ ಬರುತ್ತೆ" ಅಂದರು. ಆನೆ ಎಲ್ಲಿದೆ ಅಂತ ಸಂದೇಶ ಬರುವ ವಾಟ್ಸಾಪ್ ಗುಂಪಿಗೆ ಸೇರಿದೆ, ಗೊತ್ತಿರುವ ಆಟೋದವರನ್ನು ಹೇಳಿದೆ. ಅಮ್ಮತ್ತಿಯವರೇ, ಐವತ್ತು ದಾಟಿದವರು, ಹೋಗಿ ಬರಲು 500 ರೂಪಾಯಿ ಒಳಗೆ. "ಅವನ ಆಟೋದಲ್ಲಿ ಒಬ್ಬಳೇ ಹೋದರೆ ಜನ ಏನಂತಾರೆ" ಅಂದರು. ಅಣ್ಣನೇ ಬಂದು ಕರ್ಕೊಂಡು ಹೋಗ್ತಾನೆ ಅಂದೆ. "ಅಲ್ಲಿ ನಿಂಗೆ ರೆಸ್ಟ್ ಸಿಗಲ್ಲ, ವಾಪಸ್ ಬರೋವಾಗ ಮುಖ ಬಾಡಿರುತ್ತೆ, ನಂಗೆ ನೋಡೋಕಾಗಲ್ಲ" ಅಂದರು. ಇಷ್ಟರಲ್ಲಿ ಆನೆ ಎಲ್ಲಿ ಹೋಯಿತು ನೋಡಿ. ನಾಲ್ಕು ಸಾಲು ಆಗುವುದರೊಳಗೆ ಆನೆಯ ಸುದ್ದಿಯೇ ಇಲ್ಲ.

ಅದೇ ಪುಟದ ಕೆಳಗೆ ಇನ್ನೊಂದು ಸಾಲು ಇದೆ. ನಾದಿನಿಯ ಮನೆ ನೆಲ್ಲಿಹುದಿಕೇರಿಯಲ್ಲಿ. ನಮ್ಮ ಮನೆಯಿಂದ ಸಿದ್ದಾಪುರ ದಾಟಿಯೇ ಹೋಗಬೇಕು. ಪುತ್ತರಿ ಹಬ್ಬದ ಹಿಂದಿನ ದಿನ ಅಲ್ಲಿಗೆ ಅಡುಗೆ ಕೆಲಸಕ್ಕೆ ನನ್ನನ್ನು ಸಂಜೆ ಆರೂವರೆಗೆ ಸ್ಕೂಟರಲ್ಲಿ ಕಳಿಸಿದರು. ಒಬ್ಬಳನ್ನೇ. ಅದೇ ರಸ್ತೆ, ಅದೇ ಆನೆ, ಕತ್ತಲು ಬೇರೆ. ಅವತ್ತು ಯಾವ ಭಯವೂ ಇರಲಿಲ್ಲ. ಈ ಸಾಲು ಬರೆದ ದಿನ ನನಗೆ ಕೈ ನಡುಗಿತ್ತು. ಆದರೆ ಅನುಮಾನ ಪೂರ್ತಿ ಹೋಗಿದ್ದೂ ಅವತ್ತೇ. ಹಾಗಾಗಿ ಬೇಡ ಅಂದದ್ದನ್ನು ಬರೆದರೆ ಸಾಲದು. ಅಂಥದ್ದೇ ಜಾಗಕ್ಕೆ ಅವರಿಗೆ ಬೇಕಾದಾಗ ಯಾವತ್ತು ಕಳಿಸಿದರು ಅನ್ನುವುದನ್ನೂ ಬರೆಯಿರಿ.

ಫೋನಿನ ಪುಟಗಳು ಜಾಸ್ತಿ. ದಿನಕ್ಕೆ ಹದಿನೈದು ಇಪ್ಪತ್ತು ಕರೆ, ಮೇಲೆ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್. ಅದು ಒಂದು ಸಲಕ್ಕೆ ಹೆಚ್ಚೆಂದರೆ 8 ಗಂಟೆ ನಡೆಯುತ್ತದೆ. ಆಫೀಸಿಗೆ ಬಂದ ಕೂಡಲೇ ಹಾಕಿದರೆ ಸಂಜೆವರೆಗೆ ಸರಿ ಹೋಗುತ್ತದೆ. ಒಂದು ದಿನ ಸುಮ್ನೆ ಪರೀಕ್ಷೆಗೆ ಅಂತ "ನೀವೂ ಹಾಕಿ, ನಂಗೂ ನಿಮ್ಮ ಚಿಂತೆ ಇರುತ್ತಲ್ಲ" ಅಂದೆ. ನಕ್ಕು "ನಂಗ್ಯಾಕೆ, ನಾನೇನು ಚಿಕ್ಕ ಮಗುನಾ" ಅಂದರು. ಅದನ್ನೂ ನಾಲ್ಕನೇ ಅಂಕಣದಲ್ಲಿ ಹಾಗೇ ಬರೆದೆ. ವಾಟ್ಸಾಪಿನ `Linked devices` ತೆರೆದು ನೋಡಿದಾಗ ನನಗೆ ಗೊತ್ತಿಲ್ಲದ ಒಂದು ಕಂಪ್ಯೂಟರ್ ಇತ್ತು. ಅದನ್ನು ತಕ್ಷಣ ತೆಗೆಯಲಿಲ್ಲ. ತೆಗೆದರೆ ಆ ಕಡೆಯವರಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಏನು ಮಾಡಿದೆ, ನೋಟ್‌ಬುಕ್ ಎಲ್ಲಿ ಇಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಹೆಂಗಸರಷ್ಟೇ ಇರುವುದಿಲ್ಲ ಅಲ್ವಾ. ಬೇಕಾದವರಿಗೆ ಎದುರು ಕೂತು ಹೇಳುತ್ತೇನೆ.

ದುಡ್ಡಿನ ವಿಷಯ ಎಲ್ಲಕ್ಕಿಂತ ನುಣ್ಣಗೆ ನಡೆದಿತ್ತು. ನನ್ನ ಸಂಬಳ ತಿಂಗಳಿಗೆ ಸುಮಾರು 15 ಸಾವಿರ. ಎಟಿಎಂ ಕಾರ್ಡ್ ಅವರ ಪರ್ಸಿನಲ್ಲಿ. ಖಾತೆಗೆ ಜೋಡಿಸಿದ ಫೋನ್ ನಂಬರೂ ಅವರದ್ದೇ. "ಬ್ಯಾಂಕ್ ತಾಪತ್ರಯ ನಿಂಗ್ಯಾಕೆ" ಅಂತ ಮದುವೆಯಾದ ಹೊಸತರಲ್ಲೇ ತಗೊಂಡಿದ್ದರು. ಬೆಳಗ್ಗೆ ಬಸ್ಸಿಗೆ, ಟೀಗೆ ಅಂತ 100 ರೂಪಾಯಿ ಕೈಗೆ ಕೊಡುತ್ತಿದ್ದರು. ಉಳಿದರೆ ಸಂಜೆ ಕೇಳುತ್ತಿರಲಿಲ್ಲ, ಮರುದಿನ ಅಷ್ಟು ಕಡಿಮೆ ಕೊಡುತ್ತಿದ್ದರು. ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ 7 ಲಕ್ಷ ಆಯಿತು. ಅದರಲ್ಲಿ ಎಷ್ಟು ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಬೇರೆಯವರ ಲಕ್ಷಗಟ್ಟಲೆ ಲೆಕ್ಕವನ್ನು ಪೈಸೆ ಬಿಡದೆ ತಾಳೆ ಹಾಕುವವಳು ನಾನು. ಇಡೀ ಆಫೀಸಿನಲ್ಲಿ ನನ್ನ ಪುಸ್ತಕದಲ್ಲಿ ಮಾತ್ರ ಆಡಿಟರ್ ತಿದ್ದಿದ ಗುರುತು ಇರುವುದಿಲ್ಲ.

ಹಳೇ ಖಾತೆಯ ಫೋನ್ ನಂಬರ್ ಬದಲಿಸಲು ಹೋಗಬೇಡಿ. ಬದಲಿಸಿದ ಸಂದೇಶ ಹಳೇ ನಂಬರಿಗೂ ಹೋಗಬಹುದು. ನಾನು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದೆ. ಎಟಿಎಂ ಕಾರ್ಡ್ ಬೇಡ ಅಂದೆ, ಯಾಕೆಂದರೆ ಕಾರ್ಡ್ ಅಂಚೆಯಲ್ಲಿ ಮನೆ ವಿಳಾಸಕ್ಕೆ ಬರುತ್ತದೆ. ಪಾಸ್‌ಬುಕ್ ಮತ್ತು ಚೀಟಿ ಬರೆದು ದುಡ್ಡು ತೆಗೆಯುವುದು, ಅಷ್ಟೇ ಸಾಕಾಯಿತು. ಮೊದಲ ವರ್ಷ ಅದರಲ್ಲಿ ಬೋನಸ್ ಮತ್ತು ಓವರ್‌ಟೈಮ್ ಮಾತ್ರ ಹಾಕಿಸಿದೆ. 11 ಸಾವಿರ ಚಿಲ್ಲರೆ ಸೇರಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಈ ಲೆಕ್ಕ ಎಲ್ಲರನ್ನೂ ತಪ್ಪಿತಸ್ಥರು ಅಂತಲೇ ತೋರಿಸುತ್ತದೋ ಏನೋ ಅನ್ನುವ ಅನುಮಾನ ಇತ್ತು. ಅದಕ್ಕೆ ಅತ್ತೆಯ ಹೆಸರಲ್ಲೂ ಒಂದು ಪುಟ ಹಾಕಿದೆ. ಅವರೂ ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡುವವರೇ. "ಅತ್ತೆ, ಬಸ್ಸಿಂದ ಇಳಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡ್ತೀನಿ, ಸಾಕಾ?" ಅಂದೆ. "ಅಷ್ಟು ಮಾಡು ಮಗ, ನಂಗೆ ನಿದ್ದೆ ಬರುತ್ತೆ" ಅಂದರು. ಮರುದಿನದಿಂದ ಅವರ ಕರೆ ನಿಂತಿತು. ನನ್ನ ಮಿಸ್ಡ್ ಕಾಲ್ ಬಂದರೆ ಮುಗಿಯಿತು. ಕರೆಂಟ್ ಇಲ್ಲದ ದಿನ ಬರದಿದ್ದರೆ ಟವರ್ ಹೋಗಿರಬೇಕು ಅಂತ ತಾವೇ ಅಂದುಕೊಳ್ಳುತ್ತಿದ್ದರು. ಅದೇ ಮಿಸ್ಡ್ ಕಾಲಿನ ವ್ಯವಸ್ಥೆಯನ್ನು ಅವರ ಮಗನಿಗೂ ಹೇಳಿದ್ದೆ. ಅವರದ್ದು ಕಡಿಮೆ ಆಗಲಿಲ್ಲ, ವಿಡಿಯೋ ಕಾಲ್ ಆಯಿತು. ಹಾಗಾಗಿ ಎಷ್ಟು ಸಲ ಫೋನ್ ಮಾಡುತ್ತಾರೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಸಮಾಲೋಚನೆ ಮಾಡುವವರು ಮೊದಲು ಅದನ್ನೇ ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಒಂದೆರಡು ಸಾಲಿನಿಂದ ಏನೂ ಹೇಳಲು ಬರುವುದಿಲ್ಲ. ಕಾಯಿಲೆ ಬಂದಾಗ, ಮನೆಯಲ್ಲಿ ಸಾವು ಆದಾಗ ಎಲ್ಲರೂ ಸ್ವಲ್ಪ ಜಾಸ್ತಿಯೇ ಹಿಡಿದುಕೊಳ್ಳುತ್ತಾರೆ. ಬೇರೆ ಬೇರೆ ವಿಷಯದಲ್ಲಿ, ಬೇರೆ ಬೇರೆ ಕಾಲದಲ್ಲಿ ನೋಡಬೇಕು. ಮಳೆಯ ಕಾರಣ ಕೊಟ್ಟಿದ್ದರೆ ಫೆಬ್ರವರಿಯಲ್ಲಿ ಏನನ್ನುತ್ತಾರೆ ಅಂತ ಕಾಯಬೇಕು. ಇನ್ನೊಂದು ಮಾತು. ಹೊಡೆಯುವ, ಬೆದರಿಸುವ, "ನೀನು ಹೋದರೆ ನಾನು ಸಾಯ್ತೀನಿ" ಅನ್ನುವ ಕಡೆ ವ್ಯವಸ್ಥೆ ಹೇಳಿ ಪರೀಕ್ಷೆ ಮಾಡಲು ಹೋಗಬೇಡಿ. ಅಲ್ಲಿ ಪರೀಕ್ಷೆಯೇ ಅಪಾಯ. ನೇರ ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ಸಂರಕ್ಷಣಾಧಿಕಾರಿಗೆ ಹೇಳಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ದುಡ್ಡಿನ ಹಿಂಸೆಯೂ ಸೇರಿದೆ ಅನ್ನುವುದು ಮರೆಯಬೇಡಿ. ನಾನು ಹೋಗಿ ಕೇಳಿದಾಗ ಅಲ್ಲಿನವರಿಗೆ ಇಷ್ಟವಾಗಿದ್ದು ನೋಟ್‌ಬುಕ್ಕಿನ ತಾರೀಕುಗಳೇ.

ಕೊನೆಗೆ ದೂರು ಕೊಡುವ ಮೊದಲು ಹಿರಿಯರನ್ನು ಕೂರಿಸಿದೆವು. ಅಣ್ಣ, ಅಕ್ಕ, ಗಂಡನ ದೊಡ್ಡಪ್ಪ ಮತ್ತು ಅತ್ತೆ. ನಾನು ಏನೂ ದೂರಲಿಲ್ಲ. ಆನೆಯ ಪುಟ, ದುಡ್ಡಿನ ಪುಟ, ಎರಡನ್ನು ಜೆರಾಕ್ಸ್ ಮಾಡಿ ಕೊಟ್ಟೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ನೆಲ್ಲಿಹುದಿಕೇರಿ ಸಾಲಿಗೆ ಬಂದಾಗ ಮತ್ತೆ ಮೇಲಿನಿಂದ ಓದಿದರು. ಆಮೇಲೆ ಗಂಡನನ್ನು ಕೇಳಿದರು, "ಹಗಲು ಬೇಡ, ಆಟೋ ಬೇಡ, ಅಣ್ಣನೂ ಬೇಡ. ಹೇಗೆ ಹೋದರೆ ನಿಂಗೆ ಸರಿ, ಅದನ್ನು ಹೇಳು." ಅವರು ತುಂಬಾ ಹೊತ್ತು ಸುಮ್ಮನಿದ್ದು, "ಅವಳಿಗೆ ಹೊರಗಿನ ಪ್ರಪಂಚ ಗೊತ್ತಾಗಲ್ಲ ದೊಡ್ಡಪ್ಪ" ಅಂದರು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಅತ್ತೆ ಎದ್ದು ಒಳಗೆ ಹೋಗಿ ಎಟಿಎಂ ಕಾರ್ಡ್ ತಂದು ನನ್ನ ಮುಂದೆ ಇಟ್ಟರು.

ಕಳೆದ ಮಳೆಗಾಲದಿಂದ ವಿರಾಜಪೇಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದೇನೆ, ಬಾಡಿಗೆ 4 ಸಾವಿರ. ಶನಿವಾರ ಅಮ್ಮನ ಮನೆಗೆ ಹತ್ತರ ಬಸ್ಸಿಗೆ ಹೋಗುತ್ತೇನೆ. ಸಂಬಳ ಪೂರ್ತಿ ಹೊಸ ಖಾತೆಗೆ ಬರುತ್ತದೆ. ಫೋನಿನ ಪುಟಗಳು ಮುಗಿದಿವೆ, ದುಡ್ಡಿನ ಪುಟ ಮುಗಿದಿಲ್ಲ. ಹಳೇ 7 ಲಕ್ಷದ ಲೆಕ್ಕ ಬರೆದು ಕೊಡಿ ಅಂತ ದೊಡ್ಡಪ್ಪನ ಎದುರೇ ಕೇಳಿದ್ದೇನೆ. ಪುತ್ತರಿ ಕಳೆದ ಮೇಲೆ ಕೊಡುತ್ತೇನೆ ಅಂದಿದ್ದಾರೆ. ಆ ಕಾರಣವನ್ನೂ ತಾರೀಕು ಹಾಕಿ ಎರಡನೇ ಅಂಕಣದಲ್ಲಿ ಬರೆದಿಟ್ಟಿದ್ದೇನೆ.