ವಿಮಾನ ರದ್ದಾದಾಗಿನ ಹೋಟೆಲ್, ಊಟದ ಖರ್ಚು: ವಿಮಾ ಕಂಪನಿಗೆ ಪತ್ರ ಬರೆಯುವುದು ಹೇಗೆ?

ಪರದೇಶದ ನಿಲ್ದಾಣದಲ್ಲಿ ವಿಮಾನ ರದ್ದಾಗಿ ಎರಡು ದಿನ ಸಿಕ್ಕಿಬಿದ್ದವರು ಊರು ಸೇರಿದ ಮೇಲೆ ಪ್ರವಾಸ ವಿಮೆಯ ಕಂಪನಿಗೆ ಪತ್ರ ಬರೆಯುವಾಗ, ವಿಷಯದ ಸಾಲಿನಲ್ಲಿಯೇ ಒಂದು ತಪ್ಪು ಮಾಡುವುದುಂಟು. ವಿಮಾನ ರದ್ದಾಯಿತಲ್ಲ ಎಂದು ಅವರು ‘ಟ್ರಿಪ್ ಕ್ಯಾನ್ಸಲೇಷನ್’ ಎಂದು ಬರೆಯುತ್ತಾರೆ. ಆದರೆ ಪಾಲಿಸಿಯ ಭಾಷೆಯಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಕಾಯಿಲೆ, ಮನೆಯಲ್ಲಿ ಸಾವು ಮುಂತಾದ ಕಾರಣದಿಂದ ಪ್ರಯಾಣಿಕರು ತಾವೇ ಹೊರಡುವ ಮುನ್ನ ಪ್ರವಾಸವನ್ನು ಕೈಬಿಟ್ಟರೆ, ಮುಂಗಡ ಕಟ್ಟಿ ಕಳೆದುಕೊಂಡ ಹಣವನ್ನು ತುಂಬಿಕೊಡುವ ಭಾಗಕ್ಕೆ ಆ ಹೆಸರು. ವಿಮಾನಯಾನ ಸಂಸ್ಥೆಯೇ ವಿಮಾನವನ್ನು ರದ್ದು ಮಾಡಿ, ಒಂದೆರಡು ದಿನ ಬಿಟ್ಟು ಬೇರೆ ವಿಮಾನದಲ್ಲಿ ಕಳಿಸಿದಾಗ ಆದ ಹೋಟೆಲ್ ಮತ್ತು ಊಟದ ಖರ್ಚು ಸಾಮಾನ್ಯವಾಗಿ ಬರುವುದು ‘ಟ್ರಿಪ್ ಡಿಲೇ’ ಎಂಬ ಭಾಗದಲ್ಲಿ. ತಪ್ಪು ಭಾಗದ ಹೆಸರಿನಲ್ಲಿ ಹೋದ ಅರ್ಜಿಗೆ ‘ಈ ಕಾರಣಕ್ಕೆ ರಕ್ಷಣೆಯಿಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಹೀಗಾಗಿ ಪತ್ರಕ್ಕೆ ಕೈಹಾಕುವ ಮೊದಲು ಪಾಲಿಸಿಯ ಪೂರ್ಣ ನಿಯಮಾವಳಿಯನ್ನು ತೆರೆಯಬೇಕು. ಟಿಕೆಟ್ ಕಾಯ್ದಿರಿಸುವಾಗ ಮಿಂಚಂಚೆಗೆ ಬಂದ ಒಂದು ಪುಟದ ಪ್ರಮಾಣಪತ್ರ ಸಾಲದು.

ಮೊದಲ ಹೆಜ್ಜೆ: ನಿಮ್ಮ ಪಾಲಿಸಿ ಯಾವ ಬಗೆಯದು?

ವಿಳಂಬದ ಭಾಗ ಎರಡು ಬಗೆಯಲ್ಲಿರುತ್ತದೆ. ಒಂದು ಬಗೆಯಲ್ಲಿ, ಇಂತಿಷ್ಟು ಗಂಟೆ ತಡವಾದರೆ ಇಂತಿಷ್ಟು ಹಣ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅಲ್ಲಿ ವಿಳಂಬದ ಪುರಾವೆ ಮುಖ್ಯವೇ ಹೊರತು ಊಟದ ಬಿಲ್ಲಲ್ಲ. ಇನ್ನೊಂದು ಬಗೆಯಲ್ಲಿ, ನೀವು ನಿಜವಾಗಿ ಮಾಡಿದ, ಸಮಂಜಸವಾದ ಹೆಚ್ಚುವರಿ ಖರ್ಚನ್ನು ಒಂದು ಮಿತಿಯೊಳಗೆ ಮರಳಿಸುತ್ತಾರೆ. ಹೆಚ್ಚು ಎಚ್ಚರಿಕೆ ಬೇಕಾಗುವುದು ಈ ಎರಡನೆಯದರಲ್ಲಿ, ಏಕೆಂದರೆ ಇಲ್ಲಿ ಪ್ರತಿ ರಸೀದಿಯನ್ನೂ ನೋಡುತ್ತಾರೆ, ವಿಮಾನಯಾನ ಸಂಸ್ಥೆ ಕೊಟ್ಟದ್ದನ್ನು ಕಳೆಯುತ್ತಾರೆ.

ಜೊತೆಗೆ ಕಾಯುವ ಅವಧಿಯ ವಾಕ್ಯವನ್ನು ಎರಡು ಸಲ ಓದಬೇಕು. 12 ಗಂಟೆ ಎಂದಿದ್ದರೆ, ‘ವಿಳಂಬ 12 ಗಂಟೆ ಮೀರಿದರೆ ಖರ್ಚು ಕೊಡುತ್ತೇವೆ’ ಎಂದಿದೆಯೇ, ‘ಮೊದಲ 12 ಗಂಟೆಯ ನಂತರದ ಖರ್ಚು ಕೊಡುತ್ತೇವೆ’ ಎಂದಿದೆಯೇ? ಮೊದಲನೆಯದರಲ್ಲಿ ಮೊದಲ ದಿನದ ಊಟವೂ ಸೇರುತ್ತದೆ, ಎರಡನೆಯದರಲ್ಲಿ ಸೇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಮಗಳ ಮನೆಗೆ ಹೋಗಿದ್ದ ಮೈಸೂರಿನ ಹಿರಿಯ ದಂಪತಿ ಜನವರಿ 12ರ ಮಧ್ಯಾಹ್ನ 1.20ಕ್ಕೆ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಡಬೇಕಿತ್ತು ಎಂದು ಭಾವಿಸಿ. ಬೆಳಿಗ್ಗೆ 10.45ಕ್ಕೆ ಹಿಮಪಾತದಿಂದ ವಿಮಾನ ರದ್ದಾಗಿದೆ ಎಂಬ ಸಂದೇಶ ಬಂತು. ಹೊಸ ವಿಮಾನ ಜನವರಿ 14ರ ಮಧ್ಯಾಹ್ನ 1.20ಕ್ಕೆ, ಅಂದರೆ ಸರಿಯಾಗಿ 48 ಗಂಟೆ ತಡ. ಕೌಂಟರಿನಲ್ಲಿ ಇಬ್ಬರಿಗೂ ಸೇರಿ 30 ಯೂರೋ ಊಟದ ಕೂಪನ್ ಕೊಟ್ಟು, ಹೋಟೆಲನ್ನು ನೀವೇ ನೋಡಿಕೊಂಡು ಬಿಲ್ಲು ಇಟ್ಟುಕೊಳ್ಳಿ ಎಂದರು.

ಕೂಪನ್ನಿನಲ್ಲಿ ಆ ಮಧ್ಯಾಹ್ನದ ಊಟ ಮುಗಿಯಿತು. ಹೋಟೆಲಿಗೆ ರಾತ್ರಿಗೆ 118 ಯೂರೋದಂತೆ ಎರಡು ರಾತ್ರಿಗೆ 236 ಯೂರೋ. ಬೆಳಗಿನ ತಿಂಡಿ ಅದರಲ್ಲೇ ಸೇರಿತ್ತು, ನಿಲ್ದಾಣಕ್ಕೆ ಹೋಗಿಬರಲು ಹೋಟೆಲಿನ ವ್ಯಾನ್ ಉಚಿತವಾಗಿತ್ತು. 12ರ ರಾತ್ರಿಯ ಊಟಕ್ಕೆ 27 ಯೂರೋ, 13ರ ಮಧ್ಯಾಹ್ನಕ್ಕೆ 23.50. ಆ ರಾತ್ರಿಗೆ ಅಂಗಡಿಯಿಂದ ಬ್ರೆಡ್, ಮೊಸರು, ಹಣ್ಣು ತಂದರು. ಆ ಬಿಲ್ಲು 19.40 ಯೂರೋ, ಆದರೆ ಅದರಲ್ಲಿ ಮೊಮ್ಮಗನಿಗೆಂದು ಕೊಂಡ 7.40ರ ಚಾಕೊಲೇಟ್ ಡಬ್ಬಿಯೂ ಇತ್ತು. ಆ ಸಾಲನ್ನು ನೀವೇ ಹೊಡೆದುಹಾಕಿ 12 ಯೂರೋ ಎಂದು ಬರೆಯಬೇಕು. ಮದ್ಯ, ಉಡುಗೊರೆ, ಬಟ್ಟೆ ಇಂಥವು ಊಟದ ಬಿಲ್ಲಿನೊಳಗೆ ಕಂಡರೆ ಪರಿಶೀಲಿಸುವವರಿಗೆ ಉಳಿದ ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ. ನೀವೇ ಕಳೆದು ತೋರಿಸಿದರೆ ಉಳಿದ ಲೆಕ್ಕದ ಮೇಲೆ ನಂಬಿಕೆ ಹುಟ್ಟುತ್ತದೆ.

ಹೀಗೆ ಊಟ 62.50, ಹೋಟೆಲ್ 236, ಒಟ್ಟು 298.50 ಯೂರೋ. ಕೂಪನ್ನಿನ 30 ಯೂರೋ ಈ ಲೆಕ್ಕದೊಳಗಿಲ್ಲ, ಆದರೆ ಪತ್ರದಲ್ಲಿ ಅದನ್ನು ಹೇಳಲೇಬೇಕು.

ಪಾಲಿಸಿ ‘ಮೊದಲ 12 ಗಂಟೆಯ ನಂತರದ ಖರ್ಚು’ ಎನ್ನುವುದಾದರೆ ಗಡಿಯಾರ 13ರ ನಸುಕಿನ 1.20ಕ್ಕೆ ಶುರುವಾಗುತ್ತದೆ, ಹಾಗಾಗಿ 12ರ ರಾತ್ರಿಯ 27 ಯೂರೋ ಬಿಟ್ಟುಹೋಗುತ್ತದೆ. ಮೊದಲ ರಾತ್ರಿಯ ಹೋಟೆಲ್ ಬಾಡಿಗೆ ಮಾತ್ರ ಗಡಿಯ ಎರಡೂ ಬದಿಗೆ ಚಾಚಿಕೊಂಡಿದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೇಳುವುದು ನ್ಯಾಯವೇ, ಏಕೆಂದರೆ ಆ ವಾಸ್ತವ್ಯ ಮರುದಿನ ಬೆಳಿಗ್ಗೆಯವರೆಗೆ ಮುಂದುವರಿದಿದೆ. ಆದರೆ ಕೋಣೆಗೆ ಸೇರಿದ ಸಮಯವನ್ನು ಮುಚ್ಚಿಡದೆ ಬರೆದು ಕೇಳಬೇಕು.

ಎರಡನೆಯ ಹೆಜ್ಜೆ: ವಿಮಾನಯಾನ ಸಂಸ್ಥೆಗೂ ಬರೆಯಿರಿ

ವಿಮಾ ಕಂಪನಿ ಮೊದಲು ಕೇಳುವ ಪ್ರಶ್ನೆ, ‘ವಿಮಾನಯಾನ ಸಂಸ್ಥೆ ಏನು ಕೊಟ್ಟಿತು?’ ಎಂಬುದು. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನವಾದರೆ, ಸಂಸ್ಥೆ ಯಾವ ದೇಶದ್ದೇ ಆಗಿರಲಿ, ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ ಕಾಯುವ ಅವಧಿಗೆ ತಕ್ಕ ಊಟ, ರಾತ್ರಿ ತಂಗಬೇಕಾದರೆ ಹೋಟೆಲ್, ಅಲ್ಲಿಗೆ ಹೋಗಿಬರುವ ವಾಹನ ಒದಗಿಸುವುದು ಅದರ ಹೊಣೆ. ಹಿಮಪಾತದಂತಹ ಅಸಾಧಾರಣ ಕಾರಣವಿದ್ದರೆ ನಗದು ಪರಿಹಾರ ಕೊಡಬೇಕಿಲ್ಲ, ಆದರೆ ಊಟ ವಸತಿಯ ಹೊಣೆ ತಪ್ಪುವುದಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಾಗಿನ ಪ್ರಕರಣವೊಂದರಲ್ಲಿ ಒಕ್ಕೂಟದ ನ್ಯಾಯಾಲಯ 2013ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಸಂಸ್ಥೆ ಒದಗಿಸದೆ ಪ್ರಯಾಣಿಕರೇ ಖರ್ಚು ಮಾಡಿದ್ದರೆ, ಅಗತ್ಯವೂ ಸಮಂಜಸವೂ ಆದಷ್ಟನ್ನು ಮರಳಿ ಪಡೆಯಬಹುದು. ಭಾರತದಿಂದ ಹೊರಡುವ ವಿಮಾನಕ್ಕೆ ಈ ನಿಯಮವಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರತ್ಯೇಕ ನಿಯಮಗಳು ಅನ್ವಯಿಸುತ್ತವೆ.

ಇದೇ ಪತ್ರದಲ್ಲಿ ವಿಳಂಬದ ಪ್ರಮಾಣಪತ್ರವನ್ನೂ ಕೇಳಿ. ವಿಮಾನದ ಸಂಖ್ಯೆ, ನಿಗದಿತ ಸಮಯ, ರದ್ದಾದ ಕಾರಣ, ಬದಲಿ ವಿಮಾನದ ಸಮಯ ಈ ನಾಲ್ಕೂ ಅದರಲ್ಲಿರಬೇಕು. ‘ಕಾರ್ಯಾಚರಣೆಯ ಕಾರಣ’ ಎಂದಷ್ಟೇ ಬರೆದುಕೊಟ್ಟರೆ ಒಪ್ಪಿಕೊಂಡು ಸುಮ್ಮನಾಗಬೇಡಿ. ಹವಾಮಾನ, ಯಂತ್ರದೋಷ, ಮುಷ್ಕರ ಎಂದು ಕಾರಣಗಳನ್ನು ಹೆಸರಿಸಿರುವ ಪಾಲಿಸಿಯಲ್ಲಿ ಆ ಪದ ಯಾವುದಕ್ಕೂ ಹೊಂದುವುದಿಲ್ಲ, ಕ್ಲೇಮು ಅಲ್ಲಿಯೇ ನಿಲ್ಲುತ್ತದೆ.

ಸಂಸ್ಥೆಯ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು. ವಿಮಾ ಕಂಪನಿಯ ಗಡುವು ಮಾತ್ರ ಅದಕ್ಕಾಗಿ ನಿಲ್ಲುವುದಿಲ್ಲ. ಆದ್ದರಿಂದ ಎರಡೂ ಕಡೆ ಏಕಕಾಲಕ್ಕೆ ಬರೆಯಿರಿ, ಮತ್ತು ಒಂದು ಕಡೆ ಕೇಳಿರುವುದನ್ನು ಇನ್ನೊಂದು ಕಡೆ ತಿಳಿಸಿ. ಒಂದೇ ಖರ್ಚನ್ನು ಎರಡು ಕಡೆಯಿಂದ ಪಡೆಯುವಂತಿಲ್ಲ. ಘಟನೆಯ ಮಾಹಿತಿಯನ್ನು ಕಂಪನಿಯ ಸಹಾಯವಾಣಿಗೆ ನಿಲ್ದಾಣದಿಂದಲೇ ತಿಳಿಸಿ ಕ್ಲೇಮು ಸಂಖ್ಯೆ ಪಡೆದಿಟ್ಟುಕೊಂಡರೆ ಮುಂದಿನ ದಾರಿ ಸುಲಭ. ತಡವಾಗಿದ್ದರೂ ಕೈಬಿಡಬೇಡಿ, ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲಿಯೇ ಕಂಪನಿಗಳಿಗೆ ಸೂಚಿಸಿದೆ. ತಡವಾದ ಕಾರಣವನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿ.

ಮೂರನೆಯ ಹೆಜ್ಜೆ: ಪತ್ರ

ಪತ್ರ ಒಂದು ಪುಟ ಮೀರದಿರಲಿ. ಚಳಿಯಲ್ಲಿ ಪಟ್ಟ ಪಾಡು, ಸರದಿಯಲ್ಲಿ ನಿಂತ ದಣಿವು ಎಲ್ಲವೂ ನಿಜ, ಆದರೆ ಅವುಗಳಿಗೆ ಈ ಭಾಗದಲ್ಲಿ ಹಣವಿಲ್ಲ. ಅವು ಪುಟ ತುಂಬಿದರೆ ಬೇಕಾದ ಗಂಟೆಗಳೂ ಅಂಕಿಗಳೂ ಹುದುಗಿಹೋಗುತ್ತವೆ. ಇಂಗ್ಲಿಷಿನಲ್ಲಿ ಬರೆಯುವವರೂ ಇದೇ ಕ್ರಮವನ್ನು ಇಟ್ಟುಕೊಳ್ಳಬಹುದು.

“ವಿಷಯ: ಪಾಲಿಸಿ ಸಂಖ್ಯೆ ____, ಕ್ಲೇಮು ಸಂಖ್ಯೆ ____, ‘ಟ್ರಿಪ್ ಡಿಲೇ’ ಭಾಗದಡಿ ಹೋಟೆಲ್ ಮತ್ತು ಊಟದ ಖರ್ಚಿನ ಮರುಪಾವತಿ ಕೋರಿ.

ಮಾನ್ಯರೇ,

ನಾನು ಮತ್ತು ನನ್ನ ಪತ್ನಿ ಮೇಲ್ಕಂಡ ಪಾಲಿಸಿಯ ವಿಮಾದಾರರು. ಜನವರಿ 12ರಂದು ಮಧ್ಯಾಹ್ನ 1.20ಕ್ಕೆ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಡಬೇಕಿದ್ದ ನಮ್ಮ ವಿಮಾನವು ಹಿಮಪಾತದ ಕಾರಣ ರದ್ದಾಗಿದೆಯೆಂದು ಅಂದು ಬೆಳಿಗ್ಗೆ 10.45ಕ್ಕೆ ತಿಳಿಸಲಾಯಿತು. ಸಂಸ್ಥೆ ಒದಗಿಸಿದ ಬದಲಿ ವಿಮಾನದಲ್ಲಿ ಜನವರಿ 14ರಂದು ಮಧ್ಯಾಹ್ನ 1.20ಕ್ಕೆ ಹೊರಟೆವು. ಒಟ್ಟು ವಿಳಂಬ 48 ಗಂಟೆ.

ಈ ಅವಧಿಯಲ್ಲಿ ಎರಡು ರಾತ್ರಿಯ ಹೋಟೆಲಿಗೆ 236 ಯೂರೋ ಮತ್ತು ಊಟಕ್ಕೆ 62.50 ಯೂರೋ, ಒಟ್ಟು 298.50 ಯೂರೋ ಖರ್ಚಾಗಿದೆ. ಮೂರನೆಯ ಬಿಲ್ಲಿನಲ್ಲಿರುವ 7.40 ಯೂರೋದ ಸ್ವಂತ ಖರೀದಿಯನ್ನು ಕಳೆಯಲಾಗಿದೆ. ವಿಮಾನಯಾನ ಸಂಸ್ಥೆ 30 ಯೂರೋ ಮೌಲ್ಯದ ಊಟದ ಕೂಪನ್ ನೀಡಿದ್ದು, ಅದರಿಂದ ಮಾಡಿದ ಊಟವನ್ನು ಇಲ್ಲಿ ಕೇಳಿಲ್ಲ. ಇದೇ ಖರ್ಚನ್ನು ಆ ಸಂಸ್ಥೆಯಲ್ಲಿಯೂ ಕೋರಿದ್ದೇವೆ, ಉತ್ತರ ಬಂದಿಲ್ಲ. ಅಲ್ಲಿಂದ ಹಣ ಬಂದರೆ ಕೂಡಲೇ ತಿಳಿಸುತ್ತೇವೆ.

ಲಗತ್ತುಗಳನ್ನು ಪರಿಶೀಲಿಸಿ ಸಂದಾಯವಾಗುವ ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು, ಯಾವುದಾದರೂ ಬಾಬನ್ನು ಒಪ್ಪದಿದ್ದಲ್ಲಿ ಪಾಲಿಸಿಯ ಯಾವ ಷರತ್ತಿನಂತೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಷರತ್ತಿನ ಸಂಖ್ಯೆಯಿಲ್ಲದ ನಿರಾಕರಣೆಗೆ ಮೇಲ್ಮನವಿ ಬರೆಯುವುದು ಕತ್ತಲಲ್ಲಿ ತಡಕಾಡಿದಂತೆ.

ಲಗತ್ತುಗಳಿಗೆ ಅಂಕೆ ಹಾಕಿ: ಪಾಲಿಸಿ, ಮೂಲ ಟಿಕೆಟ್, ರದ್ದಾದ ಸಂದೇಶದ ಚಿತ್ರ, ವಿಳಂಬದ ಪ್ರಮಾಣಪತ್ರ, ಹೊಸ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆಯಿರುವ ಪುಟ, ಬಿಲ್ಲುಗಳು, ಕಾರ್ಡಿನ ಸ್ಟೇಟ್‌ಮೆಂಟ್, ರದ್ದುಪಡಿಸಿದ ಚೆಕ್. ಹೋಟೆಲಿನಿಂದ ಕಾಯ್ದಿರಿಸಿದ ಪತ್ರವಲ್ಲ, ಹಣ ಸಂದಾಯವಾದ ಬಿಲ್ಲನ್ನೇ ಪಡೆಯಬೇಕು. ಅದರಲ್ಲಿ ಇಬ್ಬರ ಹೆಸರೂ ಇರಲಿ. ಉಷ್ಣ ಕಾಗದದ ಊಟದ ರಸೀದಿಗಳು ಕೆಲವೇ ವಾರಗಳಲ್ಲಿ ಮಾಸಿ ಬಿಳಿಯಾಗಬಹುದಾದ್ದರಿಂದ ಅಂದಂದೇ ಫೋಟೊ ತೆಗೆದಿಡಿ. ಯೂರೋವನ್ನು ರೂಪಾಯಿಗೆ ನೀವೇ ಪರಿವರ್ತಿಸಬೇಡಿ. ಯಾವ ದಿನದ ದರವೆಂಬುದನ್ನು ಪಾಲಿಸಿಯೇ ಹೇಳುತ್ತದೆ.

ಪತ್ರ ಕಳಿಸಿದ ಮೇಲೆ

ನಮ್ಮ ಉದಾಹರಣೆಯಲ್ಲಿ, ಕೆಲವು ವಾರಗಳ ನಂತರ ವಿಮಾನಯಾನ ಸಂಸ್ಥೆ ಹೋಟೆಲ್ ಬಾಬ್ತು 200 ಯೂರೋ ಕೊಟ್ಟಿತು ಎನ್ನೋಣ. ಅದೇ ದಿನ ವಿಮಾ ಕಂಪನಿಗೆ ಎರಡು ಸಾಲು ಬರೆಯಬೇಕು: ‘ಸಂಸ್ಥೆಯಿಂದ 200 ಯೂರೋ ಬಂದಿದೆ, ನಮ್ಮ ಕೋರಿಕೆ 98.50 ಯೂರೋಗೆ ಇಳಿದಿದೆ.’

ಕಂಪನಿ ನಿರಾಕರಿಸಿದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲಿನಲ್ಲಿಯೂ ನೋಂದಾಯಿಸಬಹುದು. ಆ ದೂರಿಗೆ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೇಲಿನ ಪತ್ರ, ಅದರ ಅಂಕೆ ಹಾಕಿದ ಲಗತ್ತುಗಳು, ಕಂಪನಿಯ ನಿರಾಕರಣೆಯ ಪತ್ರ ಈ ಮೂರನ್ನು ಒಂದೇ ಕಡತದಲ್ಲಿ ಸೇರಿಸಿ ಕೊಡಿ.